ಸೋಮವಾರದ ರಜೆ

ಕಾಯಿಲೆ ರಜೆ ಹಾಕಿದ್ದಕ್ಕೆ ಮ್ಯಾನೇಜರ್ ಅನುಮಾನಪಟ್ಟರು ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಅಳುತ್ತಾ ಬರುವವರನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು, ದಿನಾಂಕಗಳು ಬದಲಾಗಿವೆ.

ಆಕೆಗೆ 29 ವರ್ಷ. ಬೆಂಗಳೂರಿನ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಕೆಲಸ. ವಾಂತಿ, ಭೇದಿ ಆಗಿ ಜೂನ್ 9 ಮತ್ತು 10ರಂದು, ಅಂದರೆ ಸೋಮವಾರ, ಮಂಗಳವಾರ ರಜೆ ಹಾಕಿದ್ದರು. ಬುಧವಾರ ಮ್ಯಾನೇಜರ್‌ರಿಂದ ಮೇಲ್ ಬಂತು: ಎರಡು ತಿಂಗಳಲ್ಲಿ ಇದು ಮೂರನೇ ಸೋಮವಾರ, ಸರ್ಟಿಫಿಕೇಟಿನಲ್ಲಿ ಮಂಗಳವಾರದ ತಾರೀಕಿದೆ, ಸೋಮವಾರ ರಾತ್ರಿ ವಾಟ್ಸಾಪ್‌ನಲ್ಲಿ ಆನ್‌ಲೈನ್ ಇದ್ದಿರಿ, ವಿವರಣೆ ಕೊಡಿ.

ಆಕೆ ಬರೆದುಕೊಂಡು ಬಂದಿದ್ದ ಉತ್ತರ ಎರಡು ಪುಟ. ರಾತ್ರಿ ಎಷ್ಟು ಸಲ ಎದ್ದರು, ಅಮ್ಮನ ಸಕ್ಕರೆ ಕಾಯಿಲೆ, ನಾಲ್ಕು ವರ್ಷದ ದುಡಿಮೆ, ದೇವರಾಣೆ, ಎಲ್ಲವೂ ಅದರಲ್ಲಿತ್ತು. ಕೊನೆಗೆ ಕಾಯ್ದೆಯ ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನದವರೆಗೆ ಕಾಯಿಲೆ ರಜೆ ಇರುವುದು ನಿಜ. ಆದರೆ ರಜೆಯ ಹಕ್ಕನ್ನು ಇಲ್ಲಿ ಯಾರೂ ಅಲ್ಲಗಳೆದಿರಲಿಲ್ಲ.

ಮ್ಯಾನೇಜರ್‌ರ ಮೇಲನ್ನು ಜೋರಾಗಿ ಓದಿ, ಪ್ರಶ್ನೆಗಳಿಗೆ ಮಾತ್ರ ಗೆರೆ ಎಳೆಯಲು ಹೇಳಿದೆ. ಮೂರೇ ಗೆರೆ ಬಿದ್ದವು. ಆಕೆ ಪೆನ್ನು ಕೆಳಗಿಟ್ಟು ಕೇಳಿದರು: “ನಾನು ಸುಳ್ಳು ಹೇಳ್ತಿಲ್ಲ ಅಂತ ಬರೀಲೇಬೇಕಲ್ವಾ ಮೇಡಂ?”

“ಬೇಡ. ನೀವು ಸುಳ್ಳು ಹೇಳಿದಿರಿ ಅಂತ ಅವರು ಬರೆದಿಲ್ಲ. ನೀವೇ ಆ ಪದ ತಂದರೆ ಮುಂದಿನ ಮಾತೆಲ್ಲ ಅದರ ಮೇಲೇ ನಡೆಯುತ್ತೆ.”

ಆಕೆ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, “ನಮ್ಮ ಏರಿಯಾ ಡಾಕ್ಟರು ಗೊತ್ತಿರೋರು. ಸೋಮವಾರದ್ದೇ ತಾರೀಕು ಹಾಕಿಸಿಕೊಂಡು ಬರ್ಲಾ?” ಎಂದರು.

ಇದಕ್ಕೆ ನಾನು ಖಡಾಖಂಡಿತವಾಗಿ ಬೇಡವೆಂದೆ. ವೈದ್ಯರು ಕೊಟ್ಟ ಪ್ರತಿ ಸರ್ಟಿಫಿಕೇಟಿನ ವಿವರವನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ನಿಯಮವಿದೆ. ಹಿಂದಿನ ತಾರೀಕು ಹಾಕಿಸಿದರೆ, ಇಲ್ಲದಿದ್ದ ಸುಳ್ಳೊಂದನ್ನು ನಾವೇ ಹುಟ್ಟಿಸಿದಂತೆ. ಸೋಮವಾರ ಮನೆಯಲ್ಲೇ ಓಆರ್‌ಎಸ್ ಕುಡಿದು, ನಿಲ್ಲದಿದ್ದಾಗ ಮಂಗಳವಾರ ಕ್ಲಿನಿಕ್ಕಿಗೆ ಹೋದದ್ದೇ ಸತ್ಯ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಚೀಟಿಯನ್ನು ತೆಗೆಸಿ ನೋಡಿದರೆ, “ಎರಡು ದಿನದಿಂದ ಭೇದಿ” ಎಂದು ವೈದ್ಯರೇ ಬರೆದಿದ್ದರು. ಆಕೆ ಅದನ್ನು ಓದಿಯೇ ಇರಲಿಲ್ಲ.

ಹಾಜರಿ ದಾಖಲೆ ತೆರೆಸಿದೆ. ಹಿಂದಿನ ಎರಡು ಸೋಮವಾರಗಳಲ್ಲಿ ಒಂದು ಮಾತ್ರ ಕಾಯಿಲೆ ರಜೆ, ಇನ್ನೊಂದು ಮೊದಲೇ ಮಂಜೂರಾದ ರಜೆ. ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಕೆಲಸ ಶುರುವಾಗುವುದು 9.30ಕ್ಕೆ, ಆಕೆ ಮೆಸೇಜ್ ಹಾಕಿದ್ದು 10.10ಕ್ಕೆ. ಇದನ್ನು ಯಾರೂ ಕೇಳಿರಲಿಲ್ಲ, ಆದರೂ ಬರೆಯಿರಿ ಎಂದೆ. ನಮ್ಮ ಕಡೆಯ ಲೋಪವನ್ನು ನಾವೇ ಹೇಳಿಕೊಂಡಾಗ ಉಳಿದ ಮಾತಿಗೆ ತೂಕ ಬರುತ್ತದೆ ಎಂದು ನಾನು ನಂಬಿದ್ದೇನೆ.

ಕೊನೆಗೆ ಹೋದ ಉತ್ತರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಇಷ್ಟು:

“ಜೂನ್ 9ರ ಬೆಳಗಿನಿಂದ ನನಗೆ ವಾಂತಿ, ಭೇದಿ ಇತ್ತು. ಅಂದು ಮನೆಯಲ್ಲೇ ಆರೈಕೆ ಮಾಡಿಕೊಂಡೆ. ಕಡಿಮೆಯಾಗದ ಕಾರಣ 10ರಂದು ವೈದ್ಯರನ್ನು ಕಂಡೆ. ಸರ್ಟಿಫಿಕೇಟಿನಲ್ಲಿ ಆ ತಾರೀಕಿರುವುದು ಅದಕ್ಕೇ. ಎರಡು ದಿನದಿಂದ ತೊಂದರೆ ಇದ್ದುದನ್ನು ಅವರು ಚೀಟಿಯಲ್ಲಿ ನಮೂದಿಸಿದ್ದಾರೆ. ಪ್ರತಿ ಲಗತ್ತಿಸಿದ್ದೇನೆ. ಏಪ್ರಿಲ್ 28ರದು ಕಾಯಿಲೆ ರಜೆ, ಮೇ 19ರದು ತಾವು ಮೊದಲೇ ಮಂಜೂರು ಮಾಡಿದ್ದ ರಜೆ. ಸೋಮವಾರ ರಾತ್ರಿ ಎಚ್ಚರವಾದಾಗ ಫೋನ್ ನೋಡಿದ್ದು ನಿಜ. ಅಂದು 10.10ಕ್ಕೆ ತಡವಾಗಿ ತಿಳಿಸಿದೆ, ಮುಂದೆ 9.30ರ ಒಳಗೆ ತಿಳಿಸುತ್ತೇನೆ. ಬೇರೆ ದಾಖಲೆ ಬೇಕಿದ್ದರೆ ಯಾವುದೆಂದು ತಿಳಿಸಿ.”

ಹೀಗೆ ಬರೆಸುವುದು ತಲೆಬಾಗಿಸುವುದನ್ನು ಕಲಿಸಿದಂತೆ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಟೀಕಿಸಿದರು. ವಾಟ್ಸಾಪ್ ಪ್ರಶ್ನೆಗೆ ಉತ್ತರವನ್ನೇ ಕೊಡಬಾರದಿತ್ತು ಎಂಬುದು ಅವರ ವಾದ. ಆ ಪ್ರಶ್ನೆ ತಪ್ಪೆಂದು ನಾನೂ ಒಪ್ಪುತ್ತೇನೆ. ಆದರೆ ಮೂರರಲ್ಲಿ ಎರಡಕ್ಕೆ ಮಾತ್ರ ಉತ್ತರಿಸಿದರೆ ಉಳಿದ ಒಂದೇ ಎದ್ದು ಕಾಣುತ್ತದೆ. ಒಂದು ವಾಕ್ಯದ ಉತ್ತರ ಸಾಕಿತ್ತು. ಯಾರಿಗೆ ಮೆಸೇಜ್ ಮಾಡಿದರು, ಏಕೆ ಮಾಡಿದರು ಎನ್ನುವುದನ್ನು ನಾನು ಬರೆಸಲಿಲ್ಲ. ಮ್ಯಾನೇಜರ್ ಆಗಲೇ ಮನಸ್ಸಿನಲ್ಲಿ ತೀರ್ಪು ಬರೆದುಕೊಂಡಿದ್ದರೆ ಇಂಥ ಪತ್ರ ಅವರನ್ನು ಬದಲಿಸುವುದಿಲ್ಲ. ವಿಷಯ ಎಚ್‌ಆರ್‌ವರೆಗೆ ಹೋದರೆ, ಅಲ್ಲಿ ಓದುವವರ ಕೈಗೆ ಸಿಗುವುದು ಈ ಪತ್ರವೇ.

ಮ್ಯಾನೇಜರ್‌ರ ಉತ್ತರ ಒಂದೇ ಸಾಲು: ಗಮನಿಸಲಾಗಿದೆ, ಮುಂದೆ ಸಮಯಕ್ಕೆ ತಿಳಿಸಿ. ಆಕೆಗೆ ಅದರಿಂದ ನೋವಾಯಿತು. “ಕ್ಷಮಿಸಿ ಅಂತಾದ್ರೂ ಹೇಳಬಹುದಿತ್ತು” ಎಂದರು. ಮುಂದಿನ ಎರಡು ಭೇಟಿಗಳಲ್ಲಿ ನಾವು ಮಾತಾಡಿದ್ದು ಆ ನೋವಿನ ಬಗ್ಗೆಯೇ. ಮೊದಲು ಬರೆದ ಎರಡು ಪುಟಗಳನ್ನು ಆಗ ಮತ್ತೆ ತೆಗೆದು, ನಿಧಾನವಾಗಿ, ಪೂರ್ತಿ ಓದಿದೆವು.