ಮೊದಲ ಏಳು ನಿಮಿಷ ಯಾರೂ ಮಾತಾಡಬೇಡಿ

ಪ್ರಶ್ನೆ: ನಮ್ಮ ತಂಡದಲ್ಲಿ ಎಂಟು ಜನ. ಇಬ್ಬರು ಮೀಟಿಂಗ್‌ನಲ್ಲಿ ಬಾಯಿಯೇ ಬಿಡುವುದಿಲ್ಲ, ಮುಗಿದ ಮೇಲೆ ಒಳ್ಳೊಳ್ಳೆ ಐಡಿಯಾಗಳನ್ನು ಮೆಸೇಜ್ ಮಾಡುತ್ತಾರೆ. ಹೆಸರು ಹಿಡಿದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಏನು ಮಾಡಲಿ?

ಉತ್ತರ: ಆ ಮೆಸೇಜುಗಳನ್ನು ನೋಡಿದರೆ ಅವರಿಗೆ ಯೋಚನೆಗಳ ಕೊರತೆಯಿಲ್ಲ, ಮಾತಿನ ನಡುವೆ ನುಸುಳಲು ಜಾಗ ಸಿಗುತ್ತಿಲ್ಲ. ಇನ್ನೊಬ್ಬರು ಮಾತಾಡುವಾಗ ಕೇಳಿಸಿಕೊಳ್ಳಬೇಕು, ತಮ್ಮ ಯೋಚನೆಯನ್ನು ಹಿಡಿದಿಟ್ಟುಕೊಳ್ಳಬೇಕು, ಬಿಡುವು ಯಾವಾಗ ಎಂದು ಕಾಯಲೂ ಬೇಕು. ಅಷ್ಟರಲ್ಲಿ ಯೋಚನೆಯೇ ಜಾರಿಹೋಗುತ್ತದೆ. ಕೂಡಿ ಮಾತಾಡುವ ಗುಂಪಿಗಿಂತ ಅಷ್ಟೇ ಜನ ಒಬ್ಬೊಬ್ಬರೇ ಕೂತು ಯೋಚಿಸಿದಾಗ ಹೆಚ್ಚು ಐಡಿಯಾ ಬರಲು ಈ ಕಾಯುವಿಕೆಯೇ ಮುಖ್ಯ ಕಾರಣವೆಂದು ಮನೋವಿಜ್ಞಾನಿಗಳಾದ ಡೀಲ್ ಮತ್ತು ಸ್ಟ್ರೋಬೆ 1987ರಲ್ಲಿ ತೋರಿಸಿದರು. ಹಾಗಾಗಿ ಬರವಣಿಗೆ ಮೊದಲು, ಮಾತು ಆಮೇಲೆ.

ಹಿಂದಿನ ದಿನವೇ ಪ್ರಶ್ನೆ ಕಳಿಸಿ. ‘ಗ್ರಾಹಕರ ದೂರುಗಳು’ ಎಂದರೆ ಅದು ಬರೀ ವಿಷಯ. ‘ದೂರು ಬಂದ ಮೊದಲ ಗಂಟೆಯಲ್ಲಿ ನಾವು ಬೇರೇನು ಮಾಡಬಹುದು?’ ಎಂದರೆ ತಲೆ ಕೆಲಸ ಶುರುಮಾಡುತ್ತದೆ.

ಮೀಟಿಂಗ್‌ನ ಮೊದಲ 7 ನಿಮಿಷ ಎಲ್ಲರೂ, ನೀವೂ ಸೇರಿ, ಮಾತಿಲ್ಲದೆ ಬರೆಯಿರಿ. ಒಂದು ಚೀಟಿಗೆ ಒಂದೇ ಐಡಿಯಾ, ಹೆಸರು ಬೇಡ. ಮೂರನೇ ನಿಮಿಷದ ಹೊತ್ತಿಗೆ ಪೆನ್ನುಗಳು ನಿಲ್ಲುತ್ತವೆ, ಯಾರೋ ಪಿಸುಗುಡುತ್ತಾರೆ. ‘ಆಯ್ತಾ?’ ಎಂದು ಕೇಳಿ ಅಲ್ಲಿಗೇ ಮುಗಿಸಿಬಿಡುವುದು ಸಾಮಾನ್ಯ ತಪ್ಪು. ಆಗ ಖಾಲಿಯಾಗಿರುವುದು ಎಲ್ಲರಿಗೂ ಹೊಳೆಯುವ ಐಡಿಯಾಗಳು ಮಾತ್ರ. ಸುಮ್ಮನೆ ಕಾಯಿರಿ, ಪೆನ್ನುಗಳು ಮತ್ತೆ ಓಡಲಿ.

ಒಬ್ಬೊಬ್ಬರು ಮೂರು ಬರೆದರೂ 24 ಚೀಟಿ. ಕಲಸಿ, ನೀವೇ ಒಂದೇ ದನಿಯಲ್ಲಿ ಓದುತ್ತ ಬೋರ್ಡಿನ ಮೇಲೆ ನಿಮ್ಮ ಕೈಯಿಂದಲೇ ಬರೆಯಿರಿ. ಎಂಟೇ ಜನರಿರುವಲ್ಲಿ ಚೀಟಿ ಅಂಟಿಸಿದರೆ ಯಾರ ಅಕ್ಷರವೆಂದು ತಕ್ಷಣ ಗೊತ್ತಾಗುತ್ತದೆ. ‘ಅರೆ, ಚೆನ್ನಾಗಿದೆ, ಯಾರು ಬರೆದಿದ್ದು?’ ಎಂದು ಮಾತ್ರ ಕೇಳಬೇಡಿ. ಮೆಚ್ಚಿಗೆಯ ಮಾತಾದರೂ ಎಲ್ಲರ ಕಣ್ಣು ಒಬ್ಬರ ಮೇಲೆ ಬೀಳುತ್ತದೆ, ಮುಂದಿನ ಸಲ ಆ ಚೀಟಿ ಖಾಲಿ ಬರುತ್ತದೆ. ‘ಇದಕ್ಕೆ ಇನ್ನೇನು ಸೇರಿಸಬಹುದು?’ ಎಂದು ಎಲ್ಲರನ್ನೂ ಕೇಳಿ. ಬರೆದವರು ಎಷ್ಟೋ ಸಲ ತಾವಾಗಿಯೇ ಬಾಯಿ ತೆರೆಯುವುದು ಇಲ್ಲೇ, ಯಾಕೆಂದರೆ ತಮ್ಮ ಯೋಚನೆ ಆಗಲೇ ಬೋರ್ಡಿನ ಮೇಲಿದೆ, ಬೇರೆಯವರು ಅದನ್ನು ಬೆಳೆಸುತ್ತಿದ್ದಾರೆ.

ಆರಿಸುವಾಗ ಎಲ್ಲರೂ ಬೋರ್ಡಿನ ಮೇಲೆ ತಮಗೆ ಹಿಡಿಸಿದ ಐಡಿಯಾಗಳ ಪಕ್ಕ ತಲಾ ಮೂರು ಚುಕ್ಕೆ ಇಡಲಿ. ನಿಮ್ಮದು ಕೊನೆಗೆ, ಇಲ್ಲವಾದರೆ ಉಳಿದ ಚುಕ್ಕೆಗಳು ಅದರ ಹಿಂದೆಯೇ ಹೋಗುತ್ತವೆ.

ಆಯ್ಕೆಯಾದ ಐಡಿಯಾವನ್ನು ವಿವರಿಸಲು ಮಾತು ಬೇಕೇಬೇಕು, ಚೀಟಿ ಸಾಲದು. ‘ಇದು ನನ್ನದು’ ಎಂದು ಬರೆದವರು ಆಮೇಲೆ ನಿಮ್ಮ ಹತ್ತಿರ ಹೇಳಿಕೊಳ್ಳಲು ದಾರಿಯಿರಲಿ. ಹಾಗೆ ಹೇಳಿದವರನ್ನು ಮುಂದಿನ ಮೀಟಿಂಗ್‌ಗೆ ಮುಂಚೆ ಪ್ರತ್ಯೇಕವಾಗಿ ಕೇಳಿ: ‘ಎರಡು ನಿಮಿಷ ನೀವೇ ಹೇಳ್ತೀರಾ, ಇಲ್ಲ ನಿಮ್ಮ ಹೆಸರು ಹೇಳಿ ನಾನು ಓದಲಾ?’ ಎರಡನೆಯದನ್ನು ಆರಿಸಿದರೆ ಒತ್ತಾಯ ಬೇಡ. ಮೀಟಿಂಗ್ ಆದಮೇಲೆ ಬರುವ ಮೆಸೇಜುಗಳನ್ನೂ ನಿಲ್ಲಿಸಬೇಡಿ. ಮರುದಿನ ಸಂಜೆಯವರೆಗೆ ಬಂದವನ್ನೆಲ್ಲ ಪಟ್ಟಿಗೆ ಸೇರಿಸಿ, ಮುಂದಿನ ಮೀಟಿಂಗನ್ನು ಅವುಗಳಿಂದಲೇ ಶುರುಮಾಡಿ.