ಕ್ಯಾರಿ ಬಿಟ್ ಎಲ್ಲಿ ಹೋಯಿತು? – ಬರಹಗಾರರಿಗೆ ಸಲಹೆ

“ಸರ್, ಆರ್ಮ್ ಅಸೆಂಬ್ಲಿಯಲ್ಲಿ ಬ್ರಾಂಚ್ ಇಲ್ಲದೆ ಚಿಕ್ಕ ಕೋಡ್ ಬರೆಯೋದು ಹೇಗೆ ಅಂತ ಒಂದು ಲೇಖನ ಕಳಿಸಿದ್ದೇನೆ. ಬ್ಯಾರೆಲ್ ಶಿಫ್ಟರ್, ಕಂಡೀಷನಲ್ ಎಕ್ಸಿಕ್ಯೂಷನ್ ಎರಡನ್ನೂ ವಿವರಿಸಿ ಕೊನೆಗೆ ಡೇಟಾದಲ್ಲಿ ತಪ್ಪು ನುಸುಳಿದೆಯಾ ಅಂತ ಪತ್ತೆ ಮಾಡುವ ಸಿಆರ್‌ಸಿ-32 ಲೆಕ್ಕದ ಉದಾಹರಣೆ ಕೊಟ್ಟಿದ್ದೇನೆ. ಡೀಬಗರ್‌ನಲ್ಲಿ ಮೊದಲ ನಾಲ್ಕು ಬಿಟ್ ಸರಿಯಾಗಿ ಬಂದವು. ಪೂರ್ತಿ ಉತ್ತರ ಮಾತ್ರ ಯಾಕೋ ತಾಳೆ ಆಗ್ತಿಲ್ಲ. ಆ ಭಾಗ ತೆಗೆದು ಉಳಿದಿದ್ದನ್ನು ಪ್ರಕಟಿಸಬಹುದಾ?”

ನಮಸ್ಕಾರ.

ಆ ಭಾಗ ತೆಗೆಯಬೇಡಿ. ಅದನ್ನು ಇಟ್ಟುಕೊಂಡು ಉಳಿದಿದ್ದನ್ನು ತೆಗೆಯಿರಿ.

ನೇರವಾಗಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಮೊದಲ ಮೂರು ಪುಟ 1985ರಲ್ಲಿ ಮೊದಲ ಆರ್ಮ್ ಚಿಪ್ ತಂದ ಆಕಾರ್ನ್ ಕಂಪನಿ, ಅದನ್ನು ವಿನ್ಯಾಸ ಮಾಡಿದ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಕಥೆ. ಒಳ್ಳೆ ಕಥೆಯೇ, ಆದರೆ ಅಸೆಂಬ್ಲಿ ಕಲಿಯೋಕೆ ಬಂದ ಓದುಗ ನಾಲ್ಕನೇ ಪುಟದವರೆಗೆ ಕಾಯೋದಿಲ್ಲ. ಒಂದು ವಾಕ್ಯ ಸಾಕು. ಆಮೇಲೆ ಬರುವ ಹದಿನೈದು ಕಂಡೀಷನ್ ಕೋಡ್‌ಗಳ ಪಟ್ಟಿ ಯಾವ ಮ್ಯಾನ್ಯುಯಲ್‌ನಲ್ಲಾದರೂ ಸಿಗುತ್ತದೆ. ನಿಮ್ಮ ಲೇಖನಕ್ಕೆ ಬೇಕಾಗಿರೋದು ಅದರಲ್ಲಿ ಒಂದೇ ಒಂದು, `CS`, ಅಂದರೆ ಕ್ಯಾರಿ 1 ಇದ್ದರೆ ಮಾತ್ರ ನಡೆಸು ಅನ್ನೋದು.

ನಿಮ್ಮ ಲೇಖನದಲ್ಲಿ ಶಿಫ್ಟರ್‌ಗೆ ಒಂದು ಅಧ್ಯಾಯ, ಕಂಡೀಷನ್‌ಗೆ ಇನ್ನೊಂದು. ಎರಡೂ ಒಂದಕ್ಕೊಂದು ಪರಿಚಯವೇ ಇಲ್ಲದವರ ಹಾಗೆ ಕೂತಿವೆ. ನಿಜದಲ್ಲಿ ಅವೆರಡನ್ನೂ ಕಟ್ಟಿಹಾಕೋದು ಕ್ಯಾರಿ ಫ್ಲಾಗ್. ನಿಮ್ಮ ಉದಾಹರಣೆ ಕೆಟ್ಟಿರೋದೂ ಅಲ್ಲೇ. ನೀವು ಕಳಿಸಿದ ಲೂಪ್ ಇದು:

```
loop: MOV   r0, r0, LSR #1
      EORCS r0, r0, r1
      SUBS  r2, r2, #1
      BNE   loop
```

`r0`ನಲ್ಲಿ ಸಿಆರ್‌ಸಿ, `r1`ನಲ್ಲಿ `0xEDB88320`, `r2`ನಲ್ಲಿ 8ರಿಂದ ಇಳಿಯುವ ಎಣಿಕೆ. ಲೆಕ್ಕಾಚಾರ ಸರಿ ಇದೆ. ಬಲಕ್ಕೆ ಒಂದು ಬಿಟ್ ಸರಿಸಬೇಕು, ಹೊರಗೆ ಬಿದ್ದ ಬಿಟ್ 1 ಆಗಿದ್ದರೆ ಮಾತ್ರ `r1` ಜೊತೆ ಎಕ್ಸಾರ್ ಮಾಡಬೇಕು. ಶಿಫ್ಟರ್ ತನ್ನ ಕೆಲಸ ಮಾಡಿದೆ, ಹೊರಗೆ ಬಿದ್ದ ಬಿಟ್ಟನ್ನು ಕೈಯಲ್ಲಿ ಹಿಡಿದು ನಿಂತಿದೆ. ಆದರೆ ಅದನ್ನು ಕ್ಯಾರಿ ಫ್ಲಾಗ್‌ಗೆ ಬರಿ ಅಂತ ನೀವು ಹೇಳಲೇ ಇಲ್ಲ. ಹಾಗೆ ಹೇಳೋದು `S`. `MOV` ಬದಲು `MOVS` ಬರೆಯಬೇಕಿತ್ತು. ಒಂದೇ ಅಕ್ಷರ.

ಹಾಗಾದ್ರೆ ಮೊದಲ ನಾಲ್ಕು ಬಿಟ್ ಯಾಕೆ ಸರಿ ಬಂದವು? ನಿಮ್ಮ ಲೇಖನದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ವಿಷಯ ಇದೇ, ನೀವೋ ಇದನ್ನೇ ಬಿಡೋಕೆ ಹೊರಟಿದ್ದೀರಿ. `MOV` ಫ್ಲಾಗ್ ಮುಟ್ಟದಿದ್ದರೆ `EORCS` ನೋಡೋದು ಹಿಂದಿನ ಸುತ್ತಿನ `SUBS` ಬಿಟ್ಟುಹೋದ ಕ್ಯಾರಿಯನ್ನು. ಆರ್ಮ್‌ನಲ್ಲಿ ಕಳೆಯುವಾಗ ಸಾಲ ತೆಗೆದುಕೊಳ್ಳದಿದ್ದರೆ ಕ್ಯಾರಿ 1 ಆಗುತ್ತದೆ. ಬೇರೆ ಕೆಲವು ಪ್ರೊಸೆಸರ್‌ಗಳಲ್ಲಿ ಇದು ಉಲ್ಟಾ, ಅಲ್ಲಿಂದ ಬಂದವರು ಇಲ್ಲಿ ಎಡವುತ್ತಾರೆ. 8ರಿಂದ 1 ಕಳೆದರೆ ಸಾಲ ಇಲ್ಲ, 7ರಿಂದ ಕಳೆದರೂ ಇಲ್ಲ. ಅಂದರೆ ಎರಡನೇ ಸುತ್ತಿನಿಂದ ಕ್ಯಾರಿ ಯಾವಾಗಲೂ 1, ಎಕ್ಸಾರ್ ಯಾವಾಗಲೂ ನಡೆಯುತ್ತದೆ.

ಈಗ ನೀವು ಕೊಟ್ಟ ಮೊದಲ ಬೈಟ್ ‘1’ ಅನ್ನೋ ಅಕ್ಷರವನ್ನೇ ತಗೊಳ್ಳಿ, ಅಂದರೆ `0x31`. ಆರಂಭದ `0xFFFFFFFF` ಜೊತೆ ಎಕ್ಸಾರ್ ಮಾಡಿದರೆ `0xFFFFFFCE`. ಕೊನೆಯ ಬಿಟ್ 0. ಸರಿಸಿದರೆ `0x7FFFFFE7`, ಎಕ್ಸಾರ್ ಬೇಡ. ಲೂಪ್‌ಗೆ ಬರುವ ಮೊದಲು ನಿಮ್ಮ ಕ್ಯಾರಿ 0 ಇತ್ತು ಅಂತ ಕಾಣುತ್ತೆ, ಅದೃಷ್ಟ. ಎರಡನೇ ಸುತ್ತಿನಲ್ಲಿ ಹೊರಬೀಳೋದು 1. ಸರಿಸಿದಾಗ `0x3FFFFFF3`, ಎಕ್ಸಾರ್ ಆದ ಮೇಲೆ `0xD2477CD3`. ಮೂರನೇ ಸುತ್ತಿನಲ್ಲೂ 1, ಸಿಗೋದು `0x849B3D49`. ನಾಲ್ಕನೆಯದೂ 1, ಸಿಗೋದು `0xAFF51D84`. ಮೂರು ಸಲವೂ ಎಕ್ಸಾರ್ ಬೇಕೇ ಇತ್ತು, ಹಾಗಾಗಿ ತಪ್ಪು ಕೋಡ್ ಸರಿ ಉತ್ತರ ಕೊಟ್ಟಿತು. ಐದನೆಯದರಲ್ಲಿ ಹೊರಬೀಳೋದು 0. ಅಲ್ಲಿ ಸುಮ್ಮನಿರಬೇಕಾದ `EORCS` ಸುಮ್ಮನಿರಲಿಲ್ಲ. ನೀವು ನಾಲ್ಕಕ್ಕೆ ನಿಲ್ಲಿಸದೆ ಇನ್ನೊಂದು ಹೆಜ್ಜೆ ಹಾಕಿದ್ದರೆ ಗೊತ್ತಾಗಿಬಿಡುತ್ತಿತ್ತು.

ಇದನ್ನು ಹಿಡಿಯೋದು ಹೇಗೆ ಅಂತಲೂ ಓದುಗರಿಗೆ ತೋರಿಸಿ. ಡೀಬಗರ್‌ನಲ್ಲಿ `r0` ಮಾತ್ರ ನೋಡಿದರೆ ಆಗಲ್ಲ, ಫ್ಲಾಗ್‌ಗಳು ಇರುವ `cpsr` ರಿಜಿಸ್ಟರ್ ನೋಡಬೇಕು. ಅದರ ಎಡತುದಿಯ ಹೆಕ್ಸ್ ಅಂಕಿಯಲ್ಲಿ `N`, `Z`, `C`, `V` ಈ ಕ್ರಮದಲ್ಲಿ ಕೂತಿರುತ್ತವೆ. ಸರಿಪಡಿಸಿದ ಕೋಡ್‌ನಲ್ಲಿ ಮೊದಲ ಸುತ್ತಿನ `MOVS` ಆದ ಕೂಡಲೇ ಆ ಅಂಕಿ 0 ಇರಬೇಕು, ಎರಡನೆಯ ಸುತ್ತಿನಲ್ಲಿ 2 ಆಗಬೇಕು. ನಿಮ್ಮ ಹಳೇ ಕೋಡ್‌ನಲ್ಲಿ ಎರಡನೇ ಸುತ್ತಿನಿಂದ `MOV` ಆದಾಗೆಲ್ಲ ಅದು 2ಕ್ಕೇ ಅಂಟಿಕೊಂಡಿರುತ್ತದೆ. ಕೊನೆಗೆ `123456789` ಅನ್ನೋ ಒಂಬತ್ತು ಅಕ್ಷರ ಕೊಟ್ಟು, ಫಲಿತಾಂಶವನ್ನು `MVN`ನಿಂದ ತಿರುಗಿಸಿ ನೋಡಿ. `0xCBF43926` ಬಂದರೆ ಸರಿ. ಆ ಸಂಖ್ಯೆ ಬರುವವರೆಗೆ ಲೇಖನ ವಾಪಸ್ ಕಳಿಸಬೇಡಿ.

ಇನ್ನು ನಿಮ್ಮ “ಶಿಫ್ಟ್ ಪೂರ್ತಿ ಪುಕ್ಕಟೆ” ಅನ್ನೋ ವಾಕ್ಯ. ಅರ್ಧ ಸತ್ಯ. ಎರಡನೇ ಆಪರೆಂಡ್ ಎಎಲ್‌ಯು ಕಡೆ ಹೋಗುವ ದಾರಿಯಲ್ಲೇ ಶಿಫ್ಟರ್ ಇರೋದರಿಂದ `LSR #1` ತರಹ ಅಂಕಿ ಬರೆದರೆ ಆರ್ಮ್7ಟಿಡಿಎಂಐ ಪ್ರೊಸೆಸರ್‌ನಲ್ಲಿ ಜಾಸ್ತಿ ಸೈಕಲ್ ಬೇಡ. ಎಷ್ಟು ಸರಿಸಬೇಕು ಅನ್ನೋದು ಇನ್ನೊಂದು ರಿಜಿಸ್ಟರ್‌ನಲ್ಲಿದ್ದರೆ ಒಂದು ಸೈಕಲ್ ಜಾಸ್ತಿ. ಅದಕ್ಕಿಂತ ಮುಖ್ಯವಾದ ಒಂದು ಮಾತು ನಿಮ್ಮಲ್ಲಿ ಇಲ್ಲವೇ ಇಲ್ಲ. ಶಿಫ್ಟರ್‌ನಿಂದ ಹೊರಬಿದ್ದ ಬಿಟ್ ಕ್ಯಾರಿಗೆ ಹೋಗೋದು `MOVS`, `ANDS`, `EORS`, `TST` ತರಹದ ಇನ್‌ಸ್ಟ್ರಕ್ಷನ್‌ಗಳಲ್ಲಿ ಮಾತ್ರ. `ADDS r0, r0, r3, LSR #1` ಅಂತ ಬರೆದರೆ ಕ್ಯಾರಿ ಕೂಡಿಸಿದ್ದರಿಂದ ಬರುತ್ತದೆ, ಸರಿಸಿದಾಗ ಬಿದ್ದ ಬಿಟ್ ಕಳೆದೇ ಹೋಯಿತು.

“ಬ್ರಾಂಚ್ ಇಲ್ಲದಿದ್ದರೆ ವೇಗ” ಅಂತ ಆರು ಸಲ ಬರೆದಿದ್ದೀರಿ, ಒಂದು ಸಲವೂ ಎಣಿಸಿಲ್ಲ. ಎಣಿಸೋಣ, ಆರ್ಮ್7ಟಿಡಿಎಂಐ ಲೆಕ್ಕದಲ್ಲೇ. ಬ್ರಾಂಚ್ ಹಾಕಿ ಬರೆದರೆ ಒಂದು ಬಿಟ್‌ಗೆ `TST`, `MOV`, `BEQ`, `EOR` ನಾಲ್ಕು ಇನ್‌ಸ್ಟ್ರಕ್ಷನ್ ಬೇಕು, ಅಂದರೆ 16 ಬೈಟ್. ಹಾರಿದ ಬ್ರಾಂಚ್‌ಗೆ 3 ಸೈಕಲ್, ಯಾಕಂದ್ರೆ ಪೈಪ್‌ಲೈನ್ ಮತ್ತೆ ತುಂಬಬೇಕು. ಹಾಗಾಗಿ ಬಿಟ್ 0 ಇದ್ದರೆ 5 ಸೈಕಲ್, 1 ಇದ್ದರೆ 4. ನಿಮ್ಮ ಜೋಡಿಗೆ 8 ಬೈಟ್, ಎರಡೂ ಸಂದರ್ಭದಲ್ಲಿ 2 ಸೈಕಲ್. ಕಂಡೀಷನ್ ಈಡೇರದ ಇನ್‌ಸ್ಟ್ರಕ್ಷನ್ ಕೂಡ 1 ಸೈಕಲ್ ತಿನ್ನುತ್ತದೆ ಅನ್ನೋದನ್ನು ಮರೆಯಬೇಡಿ. `if` ಒಳಗೆ ಏಳೆಂಟು ಇನ್‌ಸ್ಟ್ರಕ್ಷನ್ ಇದ್ದರೆ ಅಷ್ಟಕ್ಕೂ ಕಂಡೀಷನ್ ಅಂಟಿಸೋದಕ್ಕಿಂತ ಹಾರಿಹೋಗೋದೇ ಅಗ್ಗ.

ತಮಾಷೆ ಏನಂದ್ರೆ, “ಬ್ರಾಂಚ್ ಇಲ್ಲದ” ನಿಮ್ಮ ಕೋಡ್‌ನಲ್ಲೇ ಒಂದು `BNE` ಇದೆ. `SUBS` ಮತ್ತು ಹಾರುವ `BNE` ಸೇರಿ 4 ಸೈಕಲ್, ನಿಜವಾದ ಕೆಲಸಕ್ಕೆ 2. ಜೋಡಿಯನ್ನು ಎಂಟು ಸಲ ಬಿಡಿಸಿ ಬರೆಯಿರಿ:

```
.rept 8
      MOVS  r0, r0, LSR #1
      EORCS r0, r0, r1
.endr
```

ಇದು 64 ಬೈಟ್, 16 ಸೈಕಲ್. ಲೂಪ್ ಆಗಿದ್ದರೆ `MOV r2, #8` ಸೇರಿ 20 ಬೈಟ್, 47 ಸೈಕಲ್. ಯಾವುದು ಬೇಕು ಅನ್ನೋದು ಜಾಗ ಎಷ್ಟಿದೆ ಅನ್ನೋದರ ಮೇಲೆ. ಎರಡನ್ನೂ ಕೊಟ್ಟು ಓದುಗರಿಗೆ ಬಿಡಿ. “ಅತಿ ವೇಗದ ವಿಧಾನ” ಅಂತ ಮಾತ್ರ ಬರೆಯಬೇಡಿ. 1,024 ಬೈಟಿನ ಟೇಬಲ್ ಇಟ್ಟುಕೊಂಡವರು ಒಂದು ಬೈಟ್‌ಗೆ ನಾಲ್ಕೇ ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಸುತ್ತಾರೆ. ನಿಮ್ಮದು ಚಿಕ್ಕದು, ಅದೇ ಅದರ ಹೆಚ್ಚುಗಾರಿಕೆ.

`r1`ಗೆ ಸಂಖ್ಯೆ ತುಂಬುವ ಸಾಲನ್ನು ನೀವು `MOV r1, #0xEDB88320` ಅಂತ ಬರೆದಿದ್ದೀರಿ. ಅಸೆಂಬ್ಲರ್ ಒಪ್ಪಲ್ಲ. ಅಲ್ಲಿ ಸಿಗೋ ಜಾಗದಲ್ಲಿ 8 ಬಿಟ್ಟಿನ ಸಂಖ್ಯೆಯನ್ನು ಸರಿಸಂಖ್ಯೆಯಷ್ಟು ತಿರುಗಿಸಿ ಕೂರಿಸಬಹುದು, ಅಷ್ಟೇ. `LDR r1, =0xEDB88320` ಮಾಡಿ. ನೀವು ಕಳಿಸಿದ ಸಾಲನ್ನು ನೀವೇ ಓಡಿಸಿಲ್ಲ ಅಂತ ಇದರಿಂದ ಗೊತ್ತಾಯ್ತು. ಓಡಿಸಿದ ಫೈಲ್‌ನಿಂದಲೇ ನಕಲು ಮಾಡಿ ಅಂಟಿಸಿ, ನೆನಪಿನಿಂದ ಟೈಪ್ ಮಾಡಬೇಡಿ.

ನನ್ನದೂ ಒಂದು ಹೇಳ್ತೀನಿ. ಹಿಂದೊಮ್ಮೆ ಇಂಥದೇ ಜೋಡಿಯ ನಡುವೆ ಪರೀಕ್ಷೆಗೆ ಅಂತ ಒಂದು ಪ್ರಿಂಟ್ ಫಂಕ್ಷನ್‌ಗೆ `BL` ಹಾಕಿದ್ದೆ. ರಿಜಿಸ್ಟರ್‌ಗಳನ್ನೆಲ್ಲ ಜೋಪಾನವಾಗಿ ಸ್ಟ್ಯಾಕ್‌ನಲ್ಲಿಟ್ಟು ವಾಪಸ್ ತಂದಿದ್ದೆ. ಫ್ಲಾಗ್ ಉಳಿಸಬೇಕು ಅಂತ ಹೊಳೆಯಲೇ ಇಲ್ಲ. ಪ್ರಿಂಟ್ ತೆಗೆದರೆ ಸರಿ ಉತ್ತರ, ಹಾಕಿದರೆ ತಪ್ಪು ಉತ್ತರ. ಒಂದು ರಾತ್ರಿ ಪೂರ್ತಿ ಹೋಯಿತು. ಕರೆದ ಫಂಕ್ಷನ್ ಫ್ಲಾಗ್‌ಗಳನ್ನು ಹಾಗೇ ಉಳಿಸಿಕೊಡಬೇಕು ಅನ್ನೋ ನಿಯಮ ಇಲ್ಲ. ನಿಮ್ಮ ಲೇಖನದಲ್ಲಿ ಈ ಎಚ್ಚರಿಕೆಗೆ ಎರಡು ಸಾಲು ಕೊಡಿ: ಫ್ಲಾಗ್ ಬರೆಯೋದಕ್ಕೂ ಓದೋದಕ್ಕೂ ನಡುವೆ ಏನೂ ನುಗ್ಗಬಾರದು.

ಕೊನೆಗೆ, ಇದು ಎಲ್ಲಿ ಓಡುತ್ತದೆ ಅನ್ನೋದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ನೀವು “ಎಲ್ಲ ಆರ್ಮ್‌ನಲ್ಲೂ” ಅಂದಿದ್ದೀರಿ. ಹಾಗಿಲ್ಲ. ಕಾರ್ಟೆಕ್ಸ್-ಎಂ3 ಥಂಬ್ ಇನ್‌ಸ್ಟ್ರಕ್ಷನ್ ಮಾತ್ರ ಓಡಿಸುತ್ತದೆ. ಅಲ್ಲಿ ಕಂಡೀಷನ್ ಅಂಟಿಸೋಕೆ ಅದಕ್ಕೂ ಮೊದಲು ಒಂದು `IT` ಇನ್‌ಸ್ಟ್ರಕ್ಷನ್ ಬೇಕು:

```
lsrs  r0, r0, #1
it    cs
eorcs r0, r1
```

ಮೂರೂ 16 ಬಿಟ್ಟಿನವು. ಒಟ್ಟು 6 ಬೈಟ್, ನಿಮ್ಮ ಜೋಡಿಗಿಂತಲೂ ಚಿಕ್ಕದು! ಕಾರ್ಟೆಕ್ಸ್-ಎಂ0ನಲ್ಲಿ `IT` ಕೂಡ ಇಲ್ಲ. 64 ಬಿಟ್ ಆರ್ಮ್‌ನಲ್ಲಿ `EORCS` ಅನ್ನೋದೇ ಇಲ್ಲ, ಶಿಫ್ಟ್ ಮಾಡಿದ ಬಿಟ್ ಕ್ಯಾರಿಗೆ ಬರೋದೂ ಇಲ್ಲ. ಅಲ್ಲಿ ಕೊನೆಯ ಬಿಟ್ಟನ್ನು 32 ಬಿಟ್‌ಗೂ ಹರಡಿ ಮಾಸ್ಕ್ ಮಾಡಿಕೊಳ್ಳಬೇಕು:

```
sbfx w2, w0, #0, #1
and  w2, w2, w1
eor  w0, w2, w0, lsr #1
```

ನೋಡಿ, ಮೂರನೇ ಸಾಲಿನಲ್ಲಿ ಶಿಫ್ಟರ್ ಹಾಗೇ ಉಳಿದಿದೆ. ಹೋಗಿರೋದು ಕಂಡೀಷನ್ ಮತ್ತು ಕ್ಯಾರಿ. ಹಾಗಾಗಿ ಶೀರ್ಷಿಕೆಯ ಕೆಳಗೇ “32 ಬಿಟ್ ಆರ್ಮ್ ಮೋಡ್” ಅಂತ ನಮೂದಿಸಿ.

ಮುಂದಿನ ಸಲ ನಾಲ್ಕು ಪುಟ ಮೀರದಂತೆ ಕಳಿಸಿ. ತಪ್ಪು ಲೂಪ್‌ನಿಂದಲೇ ಶುರು ಮಾಡಿ, ಐದನೇ ಬಿಟ್‌ವರೆಗೆ `r0` ಮತ್ತು `cpsr` ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಕೋಡ್ ಫೈಲ್ ಬೇರೆಯಾಗಿ ಲಗತ್ತಿಸಿ, ನಾನೂ ಒಮ್ಮೆ ಓಡಿಸಿ ನೋಡ್ತೀನಿ.

– ಸಂಪಾದಕ