ಆಕ್ಸಿಯಲ್ ಮೀಥೈಲ್‌ಗೆ ಅಡ್ಡ ಬರುವುದು ಯಾವ ಹೈಡ್ರೋಜನ್?

"ಸೈಕ್ಲೋಹೆಕ್ಸೇನ್ ಕುರ್ಚಿಯಲ್ಲಿ ದೊಡ್ಡ ಗುಂಪು ಈಕ್ವಟೋರಿಯಲ್ ಸ್ಥಾನದಲ್ಲೇ ಇರಬಯಸುತ್ತದೆ ಎನ್ನುತ್ತಾರೆ. ಆಕ್ಸಿಯಲ್ ಆದರೆ ಮೂರನೆಯ ಕಾರ್ಬನ್ನಿನ ಹೈಡ್ರೋಜನ್ ಅಡ್ಡ ಬರುತ್ತದಂತೆ. ಪಕ್ಕದ ಕಾರ್ಬನ್ ಇರುವಾಗ ಅಷ್ಟು ದೂರದ್ದು ಹೇಗೆ ಅಡ್ಡ ಬರುತ್ತದೆ?"

ಪದವಿ ತರಗತಿಗಳಿಗೆ ಸಾವಯವ ರಸಾಯನಶಾಸ್ತ್ರ ಕಲಿಸುತ್ತೇನೆ. ಈ ಸಂಶಯ ಬಂದಾಗಲೆಲ್ಲ ನಾನು ಮೊದಲು ಮಾಡುವ ಕೆಲಸ, ಕಡ್ಡಿ ಮತ್ತು ಗುಂಡುಗಳ ಮಾದರಿಯೊಂದನ್ನು ಮೇಜಿನ ಮೇಲೆ ನಿಲ್ಲಿಸುವುದು. ಕುರ್ಚಿ ರೂಪದ ಸೈಕ್ಲೋಹೆಕ್ಸೇನ್ ಮೂರು ಹೈಡ್ರೋಜನ್‌ಗಳ ಮೇಲೆ ಮುಕ್ಕಾಲಿಯಂತೆ ನಿಲ್ಲುತ್ತದೆ. ಆ ಮೂರು ಕಾಲುಗಳು ಯಾವ ಕಾರ್ಬನ್‌ಗಳಿಂದ ಇಳಿದಿವೆ ಎಂದು ಎಣಿಸಿ ನೋಡಿ: ಒಂದು ಬಿಟ್ಟು ಒಂದರಿಂದ. ನಡುವಿನ ಮೂರು ಕಾರ್ಬನ್‌ಗಳ ಆಕ್ಸಿಯಲ್ ಹೈಡ್ರೋಜನ್‌ಗಳು ನೆಟ್ಟಗೆ ಮೇಲಕ್ಕೆ ನಿಂತಿವೆ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮೊದಲ ಕಾರ್ಬನ್ನಿನಲ್ಲಿ ಮೀಥೈಲ್ ಮೇಲ್ಮುಖವಾಗಿ ಆಕ್ಸಿಯಲ್ ಆಗಿದ್ದರೆ, ಪಕ್ಕದ ಎರಡನೆಯ ಕಾರ್ಬನ್ನಿನ ಆಕ್ಸಿಯಲ್ ಹೈಡ್ರೋಜನ್ ಕೆಳಮುಖವಾಗಿದೆ. ಅದರ ಗೊಡವೆ ಇಲ್ಲ. ಮೂರನೆಯ ಮತ್ತು ಐದನೆಯ ಕಾರ್ಬನ್‌ಗಳ ಆಕ್ಸಿಯಲ್ ಹೈಡ್ರೋಜನ್‌ಗಳು ಮಾತ್ರ ಮೀಥೈಲ್‌ಗೆ ಸಮಾಂತರವಾಗಿ, ಅದೇ ಕಡೆಗೆ ನಿಂತಿರುತ್ತವೆ. ಬಂಧಗಳ ದಾರಿಯಲ್ಲಿ ಎಣಿಸಿದರೆ ಅವು ದೂರ. ಬಯಲಿನಲ್ಲಿ ಅಳೆದರೆ ಹತ್ತಿರ. ಸಮಾಂತರವಾದ ಎರಡು ಆಕ್ಸಿಯಲ್ ಬಂಧಗಳ ನಡುವಿನ ಅಂತರ ಸುಮಾರು ಎರಡೂವರೆ ಆಂಗ್‌ಸ್ಟ್ರಾಂ. ಒಂದು ಕಾರ್ಬನ್ ಮತ್ತು ಅದಕ್ಕೆ ಅಂಟದ ಒಂದು ಹೈಡ್ರೋಜನ್ ಒತ್ತಡವಿಲ್ಲದೆ ಇರಲು ಸುಮಾರು 2.9 ಆಂಗ್‌ಸ್ಟ್ರಾಂ ಬೇಕು. ಹಾಗಾಗಿ ಮೀಥೈಲ್ ತುಸು ಹೊರಕ್ಕೆ ಬಾಗುತ್ತದೆ. ಆದರೂ ಇಕ್ಕಟ್ಟು ಪೂರ್ತಿ ತೀರುವುದಿಲ್ಲ. ಈಕ್ವಟೋರಿಯಲ್ ಆದಾಗ ಅದೇ ಮೀಥೈಲ್ ಉಂಗುರದಿಂದ ಹೊರಕ್ಕೆ ಚಾಚಿಕೊಳ್ಳುತ್ತದೆ, ಅಲ್ಲಿ ಅದನ್ನು ತಡೆಯುವವರಿಲ್ಲ.

ಈ ಇಕ್ಕಟ್ಟಿನ ಬೆಲೆ ಮೀಥೈಲ್‌ಗೆ ಮೋಲ್‌ಗೆ ಸುಮಾರು 7.3 ಕಿಲೋಜೌಲ್. ಸಣ್ಣದೆನಿಸಬಹುದು, ಆದರೆ ಕೋಣೆಯ ಉಷ್ಣತೆಯಲ್ಲಿ ನೂರು ಅಣುಗಳಲ್ಲಿ ಸುಮಾರು 95 ಈಕ್ವಟೋರಿಯಲ್ ಆಗಿರಲು ಅಷ್ಟೇ ಸಾಕು. ಉಳಿದ ಐದು ಅಲ್ಲೇ ಕಟ್ಟುಬಿದ್ದಿರುತ್ತವೆ ಎಂದುಕೊಳ್ಳಬೇಡಿ. ಉಂಗುರ ಸೆಕೆಂಡಿಗೆ ಲಕ್ಷದಷ್ಟು ಬಾರಿ ಮಗುಚುತ್ತಲೇ ಇರುತ್ತದೆ. 95 ಎನ್ನುವುದು ಯಾವ ಕ್ಷಣದಲ್ಲಿ ನೋಡಿದರೂ ಕಾಣುವ ಪಾಲು.

"ದೊಡ್ಡ ಗುಂಪು" ಎನ್ನುವ ಮಾತನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಈಥೈಲ್ ಮೀಥೈಲ್‌ಗಿಂತ ದೊಡ್ಡದು, ಆದರೆ ಅದರ ಬೆಲೆ 7.5ರ ಆಸುಪಾಸು. ಐಸೊಪ್ರೊಪೈಲ್‌ನದು ಸುಮಾರು 9. ಟರ್ಷಿಯರಿ ಬ್ಯೂಟೈಲ್‌ಗೆ ಬಂದಾಗ ಅದು ಒಮ್ಮೆಲೇ 20 ದಾಟುತ್ತದೆ. ಈ ನೆಗೆತ ನನಗೆ ಈ ಪಾಠದಲ್ಲೇ ಅತಿ ಪ್ರಿಯವಾದ ಸಂಗತಿ. ಈಥೈಲ್ ತನ್ನ ಬಂಧದ ಮೇಲೆ ತಿರುಗಿ, ತುದಿಯ ಮೀಥೈಲನ್ನು ಹೊರಗಿಟ್ಟು, ಉಂಗುರದ ಕಡೆಗೆ ಹೈಡ್ರೋಜನ್ನನ್ನಷ್ಟೇ ತೋರಿಸಬಲ್ಲದು. ಐಸೊಪ್ರೊಪೈಲ್‌ಗೂ ಹಾಗೆ ತೋರಿಸಲು ಒಂದು ಹೈಡ್ರೋಜನ್ ಇದೆ. ಟರ್ಷಿಯರಿ ಬ್ಯೂಟೈಲ್‌ನಲ್ಲಿ ಮೂರೂ ಮೀಥೈಲ್‌ಗಳೇ; ಹೇಗೆ ತಿರುಗಿದರೂ ಒಂದು ಒಳಕ್ಕೆ ನುಗ್ಗುತ್ತದೆ. ಇನ್ನೊಂದೆಡೆ ಅಯೋಡಿನ್ ದಪ್ಪ ಪರಮಾಣುವಾದರೂ ಅದರ ಬೆಲೆ ಬರೀ 2 ಕಿಲೋಜೌಲ್‌ನಷ್ಟು. ಕಾರ್ಬನ್–ಅಯೋಡಿನ್ ಬಂಧ 2.14 ಆಂಗ್‌ಸ್ಟ್ರಾಂ ಉದ್ದವಿರುವುದರಿಂದ ಅಯೋಡಿನ್ ಆ ಹೈಡ್ರೋಜನ್‌ಗಳಿಗಿಂತ ಎತ್ತರದಲ್ಲಿ ಕೂರುತ್ತದೆ.

ಒಂದು ಲೆಕ್ಕ ಮಾಡೋಣ. ಸಿಸ್-1-ಟರ್ಷಿಯರಿ ಬ್ಯೂಟೈಲ್-4-ಮೀಥೈಲ್ ಸೈಕ್ಲೋಹೆಕ್ಸೇನ್‌ನಲ್ಲಿ ಎರಡೂ ಗುಂಪುಗಳು ಮೇಲ್ಮುಖ. ಒಂದನೆಯ ಕಾರ್ಬನ್ನಿನಲ್ಲಿ ಮೇಲ್ಮುಖ ಸ್ಥಾನ ಆಕ್ಸಿಯಲ್ ಆಗಿದ್ದರೆ ನಾಲ್ಕನೆಯದರಲ್ಲಿ ಅದು ಈಕ್ವಟೋರಿಯಲ್. ಅಂದರೆ ಎರಡೂ ಒಟ್ಟಿಗೆ ಈಕ್ವಟೋರಿಯಲ್ ಆಗಲು ಸಾಧ್ಯವೇ ಇಲ್ಲ, ಒಬ್ಬರು ಇಕ್ಕಟ್ಟಿಗೆ ಹೋಗಲೇಬೇಕು. ಮೀಥೈಲ್ ಹೋದರೆ ಬೆಲೆ 7.3, ಬ್ಯೂಟೈಲ್ ಹೋದರೆ 20ಕ್ಕೂ ಹೆಚ್ಚು. ಸುಮಾರು 13 ಕಿಲೋಜೌಲ್ ವ್ಯತ್ಯಾಸ ಎಂದರೆ ಇನ್ನೂರಕ್ಕೆ ಒಂದರಂತೆ ಪಾಲು. ಹೀಗಾಗಿ ಮೀಥೈಲ್ ಆಕ್ಸಿಯಲ್ ಆಗಿಯೇ ಇರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಚಿತ್ರ ಬರೆಯುವಾಗ. ಕುರ್ಚಿ ಮಗುಚಿದಾಗ ಆಕ್ಸಿಯಲ್ ಈಕ್ವಟೋರಿಯಲ್ ಆಗುತ್ತದೆ, ಆದರೆ ಮೇಲ್ಮುಖದ ಗುಂಪು ಕೆಳಮುಖ ಆಗುವುದಿಲ್ಲ. ಹಾಗೆ ಬರೆದರೆ ಸಿಸ್ ಹೋಗಿ ಟ್ರಾನ್ಸ್ ಆಗಿಬಿಡುತ್ತದೆ. ಅದು ಬೇರೆಯೇ ಸಂಯುಕ್ತ, ಬಂಧ ಮುರಿಯದೆ ಅಲ್ಲಿಗೆ ತಲುಪಲಾಗದು. ನೀವು ಬರೆದ ಎರಡು ಕುರ್ಚಿಗಳಲ್ಲೂ ಪ್ರತಿ ಗುಂಪಿನ ಪಕ್ಕ "ಮೇಲೆ" ಅಥವಾ "ಕೆಳಗೆ" ಎಂದು ಬರೆದುಕೊಂಡು ಹೋಲಿಸಿ. ಮಗುಚಿದ ಮೇಲೆ ಆ ಪದ ಬದಲಾಗಿದ್ದರೆ ಚಿತ್ರ ತಪ್ಪಿದೆ.